ಇಬ್ಬರಿಗೂ ಮಾತ್ರೆ

ಹೊನ್ನಾಳಿಯ ಆಸ್ಪತ್ರೆಯಲ್ಲಿ ಗಾದ್ರಮ್ಮ ಆಯಾ ಆಗಿ ಸೇರಿ ಹನ್ನೊಂದು ವರ್ಷವಾಗಿತ್ತು. ಹೆರಿಗೆಗೆ ನೀರು ಕಾಯಿಸುವುದು, ಗಾಯದ ಬಟ್ಟೆ ಕುದಿಸುವುದು, ನೆಲ ಒರೆಸುವುದು ಅವಳ ಕೆಲಸ. ಇದರ ಜೊತೆಗೆ ಯಾರೂ ಹೇಳದೆಯೇ ಅವಳ ಪಾಲಿಗೆ ಬಂದ ಕೆಲಸ ಇನ್ನೊಂದಿತ್ತು: ಡಾಕ್ಟರು ಗಂಡಸರಿಗೆ ಹೇಳಿದ್ದು ಅವರ ಹೆಂಡಂದಿರ ಕಿವಿಗೂ ಬೀಳುವಂತೆ ಮಾಡುವುದು.

ಆ ಗಂಡಸರು ಬೇರೆ ರೋಗಿಗಳೆಲ್ಲ ಹೋಗಲಿ ಎಂದು ಹೊಂಗೆಮರದ ಕೆಳಗೆ ಕಾಯುತ್ತಿದ್ದರು. ಆಮೇಲೆ ಒಳಗೆ ಬಂದು, ಮೈಯೆಲ್ಲ ಉಷ್ಣವಾಗಿದೆ ಎನ್ನುತ್ತಿದ್ದರು. ಉರಿ ಎಲ್ಲಿ ಎಂದು ಡಾಕ್ಟರು ಕೇಳಿದರೆ ನೆಲ ನೋಡುತ್ತಿದ್ದರು.

ಹಾಲೇಶಪ್ಪನೂ ಹಾಗೆಯೇ ಬಂದವನು. ನ್ಯಾಮತಿಯವನು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿಗೆ ಅವನು ಡ್ರೈವರ್. ವಾರಕ್ಕೆ ಮೂರು ದಿನ ಶಿವಮೊಗ್ಗದಲ್ಲಿ ತಂಗುತ್ತಿದ್ದ. ಮೂತ್ರಕ್ಕೆ ಹೋದರೆ ಬೆಂಕಿ ಇಟ್ಟಂತೆ ಉರಿ, ಪಂಚೆಗೆಲ್ಲ ಹಳದಿ ಕೀವಿನ ಕಲೆ. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜ ಎಲ್ಲ ಆಗಿತ್ತು. ಡಾಕ್ಟರು ನಾಗೇಂದ್ರಪ್ಪನವರು ಅವನ ಮೂತ್ರವನ್ನು ಗಾಜಿನ ಲೋಟದಲ್ಲಿ ಹಿಡಿಸಿ ಬೆಳಕಿಗೆ ಎತ್ತಿ ನೋಡಿದರು. ಅದು ಮಬ್ಬಾಗಿತ್ತು.

"ಇದು ಉಷ್ಣ ಅಲ್ಲಪ್ಪ. ಒಬ್ಬರ ಮೈಯಿಂದ ಒಬ್ಬರಿಗೆ ಅಂಟೋ ರೋಗ. ಮಾತ್ರೆ ಕೊಡ್ತೀನಿ, ನೀರು ಚೆನ್ನಾಗಿ ಕುಡಿ. ನಾನು ಹೇಳೋವರೆಗೂ ಹೆಂಡತಿ ಹತ್ರ ಹೋಗಬೇಡ. ಆಕೆಯನ್ನೂ ಕರ್ಕೊಂಡು ಬಾ."

ಯುದ್ಧದ ದಿನಗಳಲ್ಲಿ ಆ ಸಲ್ಫಾ ಮಾತ್ರೆ ಸಿಗುವುದೇ ಕಷ್ಟ. ಅದನ್ನು ನುಂಗಿದ ಐದಾರು ದಿನದಲ್ಲಿ ಉರಿ ನಿಂತಿತು, ಕೀವು ನಿಂತಿತು. ಹೆಂಡತಿಯ ಮಾತನ್ನು ಹಾಲೇಶಪ್ಪ ಮರೆತಂತೆ ಇದ್ದುಬಿಟ್ಟ. ಎರಡು ತಿಂಗಳಿಗೆ ಮತ್ತೆ ಹೊಂಗೆಮರದ ಕೆಳಗೆ ನಿಂತಿದ್ದ.

"ಈ ಸಲ ಶಿವಮೊಗ್ಗದಾಗೆ ಯಾರ ಹತ್ರಾನೂ ಹೋಗಿಲ್ರೀ, ದೇವರಾಣೆ," ಎಂದ.

"ಮನೆಯಲ್ಲೇ ಉಳಿದಿತ್ತು," ಎಂದರು ಡಾಕ್ಟರು. "ನೀನು ಆಕೆಗೆ ಕೊಟ್ಟದ್ದು ನಿನಗೇ ವಾಪಸ್ಸು ಬಂತು."

ಅವನು ಹೊರಗೆ ಬಂದು ಗಾದ್ರಮ್ಮನ ಹತ್ತಿರ ನಿಂತ. "ನೀನೇ ಏನಾದ್ರೂ ಹೇಳಿ ಆಕೆಗೆ ಮಾತ್ರೆ ನುಂಗಿಸವ್ವ. ಶಕ್ತಿಗೆ ಅಂತ ಹೇಳು."

ಗಾದ್ರಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಇಂಥ ಮಾತು ಅವಳು ಎಷ್ಟು ಜನರ ಬಾಯಲ್ಲಿ ಕೇಳಿದ್ದಳೋ. ಆಸ್ಪತ್ರೆಗೆ ಸೇರುವ ಮೊದಲು ಉಬ್ರಾಣಿಯಲ್ಲಿ ಅವಳು ಹೆತ್ತ ಮಗಳ ಎರಡೂ ಕಣ್ಣು ಮೂರನೇ ದಿನಕ್ಕೇ ಕೀವು ತುಂಬಿ ಊದಿಕೊಂಡು, ತಿಂಗಳೊಳಗೆ ಬೆಳ್ಳಗಾಗಿ ಹೋಗಿದ್ದವು. ದೃಷ್ಟಿ ತಾಗಿತು ಎಂದರು. ಹೆರಿಗೆಯಲ್ಲಿ ತಾಯಿಯಿಂದ ಮಗುವಿನ ಕಣ್ಣಿಗೆ ಅಂಟುವುದು ಇದೇ ರೋಗ ಎಂದು ಅವಳಿಗೆ ಗೊತ್ತಾದದ್ದು ಈ ಆಸ್ಪತ್ರೆಗೆ ಬಂದಮೇಲೆ. ಅಷ್ಟರಲ್ಲಿ ಗಂಡ ಸತ್ತು ಐದು ವರ್ಷವಾಗಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಯಾರೂ ಉಳಿದಿರಲಿಲ್ಲ.

"ನಿಮ್ಮನೆಗೆ ಬರ್ತೀನಿ," ಎಂದಳು. "ಪಕ್ಕದಾಗೆ ಕುಂತಿರ್ತೀನಿ. ಮಾತು ಮಾತ್ರ ನೀನೇ ಆಡಬೇಕು. ಸುಳ್ಳು ಹೇಳಿ ನುಂಗಿಸಿದ್ರೆ ಎರಡು ದಿನಕ್ಕೆ ಬಿಟ್ಟುಬಿಡ್ತಾಳೆ."

ಭಾನುವಾರ ಮಧ್ಯಾಹ್ನ ಅವನದೇ ಬಸ್ಸಿನಲ್ಲಿ ನ್ಯಾಮತಿಗೆ ಹೋದಳು. ಹೆಂಡತಿ ಸಾವಂತ್ರಮ್ಮ ಜೋಳ ಕೇರುತ್ತಿದ್ದಳು. ಹಾಲೇಶಪ್ಪ ಕಂಬಕ್ಕೆ ಒರಗಿ, ಅವಳ ಮುಖ ನೋಡದೆ ಹೇಳಿ ಮುಗಿಸಿದ. ಮೊರ ನಿಂತಿತು.

"ನಾಕು ತಿಂಗಳಿಂದ ಕಿಬ್ಬೊಟ್ಟೆ ನೋವು," ಎಂದಳು ಸಾವಂತ್ರಮ್ಮ, ಗಾದ್ರಮ್ಮನ ಕಡೆ ತಿರುಗಿ. "ಮುಟ್ಟಿದ್ರೂ ನೋವು. ಈತ ದೂರ ಮಲಗಾಕೆ ಶುರು ಮಾಡಿದಾಗ ನನ್ನಾಗೇ ಏನೋ ಕುಂದು ಐತೆ ಅಂದ್ಕೊಂಡೆ."

"ನಿನ್ನ ಕುಂದಲ್ಲ, ತಂಗಿ. ಹೆಂಗಸರಿಗೆ ಎಷ್ಟೋ ಸಲ ಉರಿನೂ ಇರಲ್ಲ, ಕೀವೂ ಕಾಣಲ್ಲ. ಒಳಗೊಳಗೇ ಹುಣ್ಣು ಮಾಡ್ತೈತೆ."

"ಇನ್ನೂ ಮಗು ಆಗಿಲ್ಲ. ಮುಂದೆ ಆಗ್ತೈತಾ?"

ಗಾದ್ರಮ್ಮ ಸುಳ್ಳು ಹೇಳಲಿಲ್ಲ. "ಅದನ್ನ ಡಾಕ್ಟ್ರೂ ಹೇಳಲಾರರು. ಮೊದಲು ಮಾತ್ರೆ ತಗೋ."

ಸಾವಂತ್ರಮ್ಮ ಆ ದಿನ ಗಂಡನಿಗೆ ಊಟಕ್ಕೆ ಬಡಿಸಲಿಲ್ಲ. ಮರುದಿನ ಬಸ್ಸಿನಲ್ಲಿ ಅವನಿಂದ ನಾಲ್ಕು ಸೀಟು ಹಿಂದೆ ಕುಳಿತು ಆಸ್ಪತ್ರೆಗೆ ಬಂದಳು. ಇಬ್ಬರಿಗೂ ಒಟ್ಟಿಗೆ ಮಾತ್ರೆ ನಡೆಯಿತು. ಮೂರನೇ ವಾರ ಹಾಲೇಶಪ್ಪನ ಲೋಟದಲ್ಲಿ ಮೂತ್ರ ತಿಳಿಯಾಗಿತ್ತು. ಆ ರೋಗ ಅವನಿಗೆ ಮತ್ತೆ ಮರುಕಳಿಸಲಿಲ್ಲ.

ಸಾವಂತ್ರಮ್ಮನ ನೋವು ಬಹಳಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ಮಗುವೂ ಆಗಲಿಲ್ಲ. ಒಳಗಿನ ನಾಳಗಳು ಮುಚ್ಚಿಹೋಗಿರಬಹುದು ಎಂದರು ಡಾಕ್ಟರು. ಗಂಡನ ಜೊತೆ ಅವಳು ಮಾತು ಶುರು ಮಾಡಿದ್ದು ಆ ವರ್ಷದ ದೀಪಾವಳಿ ಕಳೆದಮೇಲೆ. ಸಂತೆಗೆ ಹೊನ್ನಾಳಿಗೆ ಬಂದಾಗ ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಗಾದ್ರಮ್ಮನ ಪಕ್ಕ ಸ್ವಲ್ಪ ಹೊತ್ತು ಕೂರುತ್ತಿದ್ದಳು.

ಅಂಥ ಒಂದು ದಿನ ಗಾದ್ರಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಬಸವಾಪಟ್ಟಣದ ಯಾರೋ ಒಬ್ಬ ಬಾಗಿಲಿಗೆ ಬಂದು, ಡಾಕ್ಟರು ಇದ್ದಾರಾ, ಸ್ವಲ್ಪ ಉಷ್ಣ ಆಗಿದೆ ಎಂದ.

"ಒಳಗೆ ಅದಾರೆ, ಹೋಗು," ಎಂದಳು. "ಮದುವೆ ಆಗೈತೇನಪ್ಪ?"