ಗಟಾರದ ಮೇಲಿನ ಗೋಣಿಚೀಲ

ಮೊಗುಲಪ್ಪ ಯಾರನ್ನೂ ನಂಬುವ ಆಸಾಮಿಯಲ್ಲ. ಗಡಿಯೂರು ನಾರಾಯಣಪೇಟೆಯ ನೇಕಾರರಿಗೆ ಮೂವತ್ತೆಂಟು ವರ್ಷದಿಂದ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದಾನೆ. ಅಂಗಡಿಯಿಂದ ಬಂದ ಬಣ್ಣದ ಪೊಟ್ಟಣದಿಂದ ಒದ್ದೆ ಬಿಳಿ ಬಟ್ಟೆಯ ಮೇಲೆ ಚಿಟಿಕೆ ಉದುರಿಸಿ, ಕಲಬೆರಕೆಯ ಬೇರೆ ಬಣ್ಣದ ಚುಕ್ಕೆ ಬಿಡುತ್ತದೋ ಎಂದು ನೋಡಿಯೇ ಒಳಗಿಡುವವನು. ನೇಕಾರರ ಸಂಘದಲ್ಲಿ ಆರ್ಡರ್ ನೋಡಿಕೊಳ್ಳುವ ನನ್ನನ್ನೂ ಅದೇ ಕಣ್ಣಿನಿಂದ ನೋಡುತ್ತಾನೆ.

ಅದಕ್ಕೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಒಂದು ಕಂಪನಿಯವರು ಬಂದು ಅವನ ಫೋಟೋ ತೆಗೆದುಕೊಂಡು ಹೋದರು. ಸೀರೆಯ ಚೀಟಿಯ ಮೇಲೆ ಅವನ ನಗುಮುಖ, ಕೆಳಗೆ ‘ಭೂಮಿತಾಯಿಗೆ ಹಿತವಾದ ಬಣ್ಣ’ ಎಂಬ ಸಾಲು. ಅದನ್ನು ಓದಿ ಸೀರೆ ಕೊಂಡವರು ಕಾರು ಮಾಡಿಕೊಂಡು ಬಂದು ಬಣ್ಣ ತೆಗೆಯುವ ದಾಳಿಂಬೆ ಸಿಪ್ಪೆ ಎಲ್ಲಿದೆ, ಚೆಂಡುಹೂವು ಎಲ್ಲಿದೆ ಎಂದು ಕೇಳಿದರು. ಅಲ್ಲಿದ್ದದ್ದು ರಾಸಾಯನಿಕ ಬಣ್ಣದ ಪೊಟ್ಟಣ. ಕಂಪನಿಯವರು ‘ಬಣ್ಣದವನೇ ನಮಗೆ ಸುಳ್ಳು ಹೇಳಿದ’ ಎಂದು ಕೈ ತೊಳೆದುಕೊಂಡರು. ಓಣಿಯ ಮಂದಿ ಅವನಿಗೆ ‘ದಾಳಿಂಬೆ ಮೊಗುಲಪ್ಪ’ ಎಂದು ಹೆಸರಿಟ್ಟರು. ಒಂದು ತಿಂಗಳು ಅವನು ಚಹಾದಂಗಡಿಯ ಕಡೆ ತಲೆ ಹಾಕಲಿಲ್ಲ. ನಾನೂ ಆಗ ನಕ್ಕವನೇ, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಈ ವರ್ಷ ಫೋನಿನಲ್ಲೇ ಸೀರೆ ಮಾರುವ ಹೈದರಾಬಾದಿನ ಇನ್ನೊಂದು ಕಂಪನಿಯಿಂದ ಕರುಣಾ ಬಂದಳು. ಸೀರೆಯ ಫೋಟೋದ ಕೆಳಗೆ ಬರೆಯುವ ನಾಲ್ಕು ಸಾಲು ಅವಳ ಕೆಲಸ. ಮೂಲ ರಾಯಚೂರಿನವಳು, ನಮ್ಮ ಕನ್ನಡ ಅವಳಿಗೆ ಬರುತ್ತಿತ್ತು. ಸಂಘದ ಕಾಗದದಲ್ಲಿ ‘ನೀರು ಮರುಬಳಕೆ’ ಎಂದಿತ್ತು, ಅದನ್ನು ಕಣ್ಣಾರೆ ನೋಡಬೇಕೆಂದಳು. ಅವಳು ಬರುವ ಸುದ್ದಿ ತಿಳಿದ ಕೂಡಲೇ ಮೊಗುಲಪ್ಪ ಹಿತ್ತಲಿನ ಗಟಾರದ ಬಾಯಿಗೆ ಗೋಣಿಚೀಲ ಹೊದಿಸಿ, ಮೇಲೆ ಹಲಗೆ ಇಟ್ಟ. ಅದು ನನಗೂ ಕಾಣಿಸಿತು.

‘ಈಕಿ ನಮ್ಮನ್ನ ಹಿಡಿದುಹಾಕಾಕ ಬಂದಾಳ,’ ಎಂದು ಹೆಂಡತಿ ನರಸಿಂಹಮ್ಮನ ಕಿವಿಯಲ್ಲಿ ಹೇಳಿದ.

ಕರುಣಾಳೂ ನಂಬುವವಳಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೊಡ ಎಣಿಸುತ್ತ ನಿಂತಳು. ಮೊಗುಲಪ್ಪ ಮೊದಲು ಹಳದಿ ನೂಲು ಮುಗಿಸಿದ. ನೂಲನ್ನು ನಾಲ್ಕು ಸಲ ನೀರಿನಲ್ಲಿ ಜಾಲಿಸಿದ, ಒಂದೊಂದು ಸಲಕ್ಕೆ ಎಂಟು ಕೊಡ. ಮೊದಲ ಎರಡು ನೀರು ಚೆಲ್ಲಿ, ತಿಳಿಯಾಗಿದ್ದ ಕೊನೆಯ ಎರಡನ್ನು ತೊಟ್ಟಿಯಲ್ಲಿ ತುಂಬಿಟ್ಟ. ಆಮೇಲೆ ಕೆಂಪು ನೂಲನ್ನು ಮೊದಲ ಎರಡು ಸಲ ಜಾಲಿಸಲು ಅದೇ ನೀರು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಅವನ ಅಪ್ಪ ಕಲಿಸಿದ ಪದ್ಧತಿ ಅದು, ಬಾವಿ ಬತ್ತುವ ಬೇಸಿಗೆಗೆಂದು ಹುಟ್ಟಿದ್ದು.

ಕರುಣಾ ಬರೆದು ಓದಿದಳು: ‘ಈ ಸೀರೆಯ ಕೆಂಪು ನೂಲನ್ನು ನಾಲ್ಕು ಸಲ ಜಾಲಿಸಲಾಗಿದೆ. ಮೊದಲ ಎರಡು ಸಲ, ಅದೇ ದಿನ ಹಳದಿ ನೂಲು ಜಾಲಿಸಿ ಉಳಿದ ನೀರು ಬಳಸಿದ್ದೇವೆ. ಮೂವತ್ತೆರಡರ ಬದಲು ಹದಿನಾರು ಕೊಡ ಹೊಸ ನೀರು. ಬಣ್ಣ ರಾಸಾಯನಿಕದ್ದು. ಹಾಕಿದವರು: ಮೊಗುಲಪ್ಪ, ನಾರಾಯಣಪೇಟೆ.’

‘ಭೂಮಿತಾಯಿ ಎಲ್ಲಿ?’ ಎಂದು ಮೊಗುಲಪ್ಪ ಕೇಳಿದ.

‘ಆ ಮಾತು ಹಾಕಂಗಿಲ್ಲ ಕಾಕಾ. ನಾ ನೋಡಿದ್ದಷ್ಟ ಬರಿತೀನಿ.’

ಅವನ ಮುಖ ಬಿಗಿದುಕೊಂಡಿತು. ಮೂವತ್ತೆಂಟು ವರ್ಷದಲ್ಲಿ ಸೀರೆಯ ಜೊತೆ ಅವನ ಹೆಸರು ಎಂದೂ ಹೋಗಿರಲಿಲ್ಲ. ಫೋಟೋ ಹೋಗಿತ್ತು, ಹೆಸರಿಲ್ಲದೆ. ಈ ಸಲ ಹೆಸರೇ ಹೋಗುತ್ತದೆ. ಮತ್ತೆ ಯಾರೋ ಕಾರಿನಲ್ಲಿ ಬಂದು ಹಲಗೆ ಸರಿಸಿದರೆ ಮುಗಿಯಿತು.

ಅವನು ಎದ್ದುಹೋಗಿ ತಾನೇ ಹಲಗೆ ತೆಗೆದ, ಚೀಲ ಎಳೆದು ಹಾಕಿದ. ಕೆಂಪು ನೀರು ಗಟಾರದಲ್ಲಿ ಹರಿಯುತ್ತಿತ್ತು.

‘ಇದನ್ನೂ ನೋಡ್ರಿ. ಕಡೀಕ ಬಣ್ಣದ ನೀರು ಇಲ್ಲಿಗೇ ಹೋಗತೈತಿ. ಇದನ್ನ ಬಿಟ್ಟು ಬರದ್ರ ನನ್ನ ಹೆಸರು ಬ್ಯಾಡ.’

ಆರ್ಡರ್ ಕೈತಪ್ಪಿತೆಂದು ನಾನು ಹಣೆ ಚಚ್ಚಿಕೊಂಡೆ. ಕರುಣಾ ಹತ್ತಿರ ಹೋಗಿ ನೋಡಿದಳು, ಬಗ್ಗಿ ಒಂದು ಸಾಲು ಸೇರಿಸಿದಳು: ‘ಉಳಿದ ಬಣ್ಣದ ನೀರು ಗಟಾರ ಸೇರುತ್ತದೆ. ಅದನ್ನು ಶುದ್ಧ ಮಾಡುವ ವ್ಯವಸ್ಥೆ ಇಲ್ಲಿ ಇನ್ನೂ ಇಲ್ಲ.’

‘ನಿಮ್ಮ ಸಾಹೇಬ್ರು ತೆಗೆದುಹಾಕ್ತಾರ,’ ಎಂದ ಮೊಗುಲಪ್ಪ.

‘ತೆಗೆದ್ರ ನಿಮ್ಮ ಹೆಸರೂ ತೆಗೀತೀನಿ,’ ಎಂದಳು.

ಎರಡು ತಿಂಗಳ ಮೇಲೆ ಚೀಟಿಯ ಮಾದರಿ ಬಂತು. ಮೊಗುಲಪ್ಪ ನನ್ನಿಂದ ಓದಿಸಿದ, ಗಟಾರದ ಸಾಲು ಬಂದಾಗ ಅದರ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಸಿದ.

‘ಇದೊಂದ ನನಗ ತೋರ್ಸಾಕ ಛಾಪ್ಸಿರಬೇಕು. ಫೋನಿನ್ಯಾಗ ಮಾರ್ತಾರಲ್ಲ, ಅಲ್ಲಿ ತಗಿ.’

ತೆಗೆದೆ. ಕೆಂಪು ಸೀರೆ, ಅದರ ಕೆಳಗೆ ಅದೇ ಸಾಲುಗಳು, ಗಟಾರ, ಅವನ ಹೆಸರು. ಅವನ ಕಣ್ಣು ತುಂಬಿತು. ಫೋನನ್ನು ನನ್ನ ಕೈಯಿಂದ ಕಸಿದುಕೊಂಡು ನರಸಿಂಹಮ್ಮನ ಹತ್ತಿರ ಓಡಿದ.

ಈಗಲೂ ನನ್ನನ್ನು ನಂಬುವುದಿಲ್ಲ. ವಾರಕ್ಕೊಮ್ಮೆ ಬಂದು ಸಾಲು ಇದೆಯೋ ಎಂದು ಫೋನು ತೆಗೆಸುತ್ತಾನೆ. ಗಟಾರದ ಮೇಲೆ ಮಾತ್ರ ಚೀಲ ಹಾಕುವುದನ್ನು ಬಿಟ್ಟಿದ್ದಾನೆ.