ಶೇವಂತಾ ಕೂತ ಬಸ್ಸು

ಪುಣೆಯ ಸದಾಶಿವ ಪೇಠೆಯ ವಾಡೆಯೊಂದರ ಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಒಬ್ಬರೇ ಇದ್ದ ದತ್ತಾತ್ರೇಯ ಓಗಲೆ ಮಾಸ್ತರರಿಗೆ ಕ್ರಿಯಾಪದಗಳ ಸಂಸಾರ ಗೊತ್ತಿದ್ದಷ್ಟು ಮನುಷ್ಯರ ಸಂಸಾರ ಗೊತ್ತಿರಲಿಲ್ಲ. ಲಗ್ನವಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಬೇಸತ್ತು ಬಿಟ್ಟಿದ್ದರು. ಊಟ ಖಾನಾವಳಿಯ ಡಬ್ಬಿಯದು, ಮಾತು ಗೋಡೆಯ ಜೊತೆ. ಮಂಚದ ಕೆಳಗೆ ಚಪ್ಪಲಿ ಅಂಗಡಿಯಿಂದ ಬೇಡಿ ತಂದ ಮೂವತ್ತು ರಟ್ಟಿನ ಡಬ್ಬಿಗಳು, ಅವುಗಳ ತುಂಬ ಚೀಟಿಗಳು. ಒಂದು ಚೀಟಿಗೆ ಒಂದು ವಾಕ್ಯ. ಹಳ್ಳಿಯವರ ಬಾಯಿಂದ ಬಂದ ಮರಾಠಿಯ ವ್ಯಾಕರಣ ಬರೆಯುವುದು ಅವರ ಪಾಲಿಗೆ ಬಂದ ಕೆಲಸ. ಅದರಲ್ಲೂ, ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸುವ ಮಾತುಗಳ ಅಧ್ಯಾಯ ಹನ್ನೊಂದು ವರ್ಷದಿಂದ ಮುಗಿಯದೆ ಕುಂಟುತ್ತಿತ್ತು.

ಮರಾಠಿಯಲ್ಲಿ ಇದಕ್ಕೆ ಎರಡು ದಾರಿ. ನಮ್ಮ 'ಇಸು' ಇದ್ದಂತೆ ಅವರಲ್ಲಿ ಕ್ರಿಯಾಪದದ ಬಾಲಕ್ಕೆ ಒಂದು 'ವ' ಅಂಟುತ್ತದೆ. 'ಬಸ' ಎಂದರೆ ಕೂಡು, 'ಬಸವ' ಎಂದರೆ ಕೂಡಿಸು. ಎರಡನೆಯದು, ಬೇರೊಂದು ಕ್ರಿಯಾಪದವನ್ನೇ ಪಕ್ಕಕ್ಕೆ ತಂದು ನಿಲ್ಲಿಸುವುದು. ನಮ್ಮ ಬೆಳಗಾವಿ ಕಡೆಯವರು 'ಕೂಡಾಕ ಹಚ್ಚಿದ' ಅನ್ನುತ್ತಾರಲ್ಲ, ಹಾಗೆ. ಎರಡೂ ಒಂದೇ ಎಂದು ಹಳೆಯ ಪುಸ್ತಕಗಳು ಹೇಳಿ ಕೈತೊಳೆದುಕೊಂಡಿದ್ದವು. ಅಲ್ಲ ಎಂಬುದು ಓಗಲೆ ಮಾಸ್ತರರ ಹಟ.

ಅವರ ಹಟಕ್ಕೆ ಸಿಕ್ಕವಳು ಠಕೂಬಾಯಿ. ಬಾರ್ಶಿ ಕಡೆಯ ಹಳ್ಳಿಯವಳು, ಪಕ್ಕದ ಓಣಿಯ ವಿದ್ಯಾರ್ಥಿನಿಲಯದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಾಸ್ತರರ ಓರಗೆಯ ವಯಸ್ಸು. ಪ್ರತಿ ಗುರುವಾರ ಮಧ್ಯಾಹ್ನ ಬಂದು ಹೊಸ್ತಿಲ ಒಳಗೆ ಕಾಲು ಚಾಚಿ ಕೂತು, ಮಾಸ್ತರರು ಮಾಡಿದ ಚಹಾ ಕುಡಿಯುತ್ತ ವಾಕ್ಯ ಹೇಳುತ್ತಿದ್ದಳು.

"ಇದು ಚಹಾನೋ ಕಷಾಯನೋ ಮಾಸ್ತರ? ನಿಮ್ಮ ವ್ಯಾಕರಣ ಇದಕ್ಕಿಂತ ಚಲೋ ಇರಲಿ ದೇವರೇ," ಎಂದು ಬೈದೇ ಎರಡನೇ ಕಪ್ಪು ಕೇಳುತ್ತಿದ್ದಳು. ಬರುವಾಗ ಜೋಳದ ಭಾಕರಿ, ಶೇಂಗಾ ಚಟ್ನಿ ತರುತ್ತಿದ್ದಳು. ಬುಧವಾರವೇ ಮಾಸ್ತರರು ಕೋಣೆ ಗುಡಿಸುತ್ತಿದ್ದರು. ವಾರದ ಮಿಕ್ಕ ಆರು ದಿನ ಆ ಹೊಸ್ತಿಲು ದಾಟಿ ಯಾರೂ ಬರುತ್ತಿರಲಿಲ್ಲ.

ಕೆಲಸಕ್ಕೊಂದು ಕಟ್ಟಳೆ ಇತ್ತು. ಮಾಸ್ತರರು ತಾವಾಗಿ ವಾಕ್ಯ ಕೊಡಬಾರದು. ಕೊಟ್ಟರೆ ಎದುರಿನವರು ಮರ್ಯಾದೆಗೆ ಹೂಂ ಅಂದುಬಿಡುತ್ತಾರೆ. ಅದಕ್ಕೆ ಒಬ್ಬರಿರುವ ವಾಕ್ಯದಿಂದ ಹೊರಟು ಒಬ್ಬೊಬ್ಬರನ್ನೇ ಸೇರಿಸುತ್ತ ಹೋಗಬೇಕು. 'ಕೂಸು ನಕ್ಕಿತು.' ಈಗ ಇನ್ನೊಬ್ಬರನ್ನು ತನ್ನಿ. 'ಅತ್ತೆ ಕೂಸನ್ನು ನಗಿಸಿದಳು.' ಮತ್ತೊಬ್ಬರನ್ನು ತನ್ನಿ. ಠಕೂಬಾಯಿಗೆ ಇದು ಚೌಕಾಬಾರದಷ್ಟು ಇಷ್ಟ.

ಆ ಗುರುವಾರ ಮಾಸ್ತರರಿಗೆ ರಾಜ, ಮಂತ್ರಿ, ಕೂಸುಗಳ ವಾಕ್ಯ ಸಾಕಾಗಿತ್ತು.

"ನಿಮ್ಮ ಮನಿಯಾಗ ನಡದದ್ದು ಹೇಳ್ರಿ ಬಾಯಿ. ಖರೇ ನಡದದ್ದು."

ಠಕೂಬಾಯಿ ಕಪ್ಪು ಕೆಳಗಿಟ್ಟಳು. "ಶೇವಂತಾ ಎಸ್‌ಟಿ ಬಸ್ಸಿನೊಳಗ ಕೂತ್ಲು."

ಶೇವಂತಾ ಯಾರೆಂದು ಮಾಸ್ತರರು ಕೇಳಲಿಲ್ಲ. "ಒಬ್ಬರನ್ನ ತರ್ರಿ," ಅಂದರು.

"ಶೇವಂತಾನ್ನ ಎಸ್‌ಟಿಯೊಳಗ ಕೂಡಿಸಿದೆ."

"ಇನ್ನೊಬ್ಬರನ್ನ."

"ಆಕೀ ಅಣ್ಣನ ಕೈಲೆ ಕೂಡಿಸಿದೆ." ಆಕೆ ತಲೆ ಅಲ್ಲಾಡಿಸಿದಳು. "ಸುಳ್ಳದು. ಅವಂದೇನೂ ಇಲ್ಲ. ಕೂಡಿಸಿದೆ ಅನ್ನೂದೂ ಸುಳ್ಳು. ಕೂಡಸೂದು ಕೂಸನ್ನ, ಗಂಟನ್ನ. ಎತ್ತಿ ಇಡ್ತೀವಿ, ಮುಗೀತು. ಆಕಿ ತನ್ನ ಕಾಲ ಮ್ಯಾಲೆ ತಾನ ನಡದು ಹತ್ತಿದ್ಲು. ಕಂಬಿ ಹಿಡಕೊಂಡು ನನ್ನ ಮಾರಿ ನೋಡಿದ್ಲು. ಆಮ್ಯಾಲೆ ತಾನ ಕೂತ್ಲು. ನಾ ಆಕೀಗೆ ಕೂಡಾಕ ಹಚ್ಚಿದೆ."

ಹನ್ನೊಂದು ವರ್ಷ ಹುಡುಕಿದ್ದು ಇದೇ ವಾಕ್ಯ. ಬಾಲ ಅಂಟಿದ ಮಾತಿನಲ್ಲಿ ಕೂತವಳು ಎತ್ತಿಟ್ಟ ಸಾಮಾನಾಗುತ್ತಾಳೆ. ಪಕ್ಕದ ಕ್ರಿಯಾಪದ ಬಂದರೆ ಕೂತವಳು ಮನುಷ್ಯಳಾಗಿಯೇ ಉಳಿಯುತ್ತಾಳೆ, ಅವಳ ಕೂಡುವಿಕೆ ಅವಳದೇ, ಮೇಲೆ ಇನ್ನೊಬ್ಬರ ಬಲವಂತ ಕೂತಿರುತ್ತದೆ. ಮಾಸ್ತರರು ಅದನ್ನು ಚೀಟಿಗೆ ಇಳಿಸಿಕೊಂಡರು.

"ವಾಹ್ ಬಾಯಿ! ಇದ ಬೇಕಾಗಿತ್ತು ನೋಡ್ರಿ! 'ಆಕೀಗೆ' ಬಿಟ್ಟು 'ಆಕೀ ಕೈಲೆ ಕೂಡಾಕ ಹಚ್ಚಿದೆ' ಅಂದ್ರ ನಡೀತದ?"

"ನಡಿಯೂದಿಲ್ಲ." ಠಕೂಬಾಯಿ ಎದ್ದಳು. "ಗಂಡ ಕಾಸಿದ ಸೌಟಿಲೆ ಸುಟ್ಟಿದ್ದ, ತವರಿಗೆ ಓಡಿ ಬಂದಿದ್ಲು. ಮಂದಿ ಏನಂದಾರು ಅಂತ ತಿರುಗಿ ಕಳಿಸಿದೆ. ಮೂರು ತಿಂಗಳಿಗೆ ಹೆಣ ತರಾಕ ಹೋದೆ. ನನ್ನ ಮಗಳು ಮಾಸ್ತರ, ಆಕಿ."

ಮರಾಠಿಯ ಅಷ್ಟೂ ಕ್ರಿಯಾಪದ ಬಲ್ಲ ಮನುಷ್ಯ, ಪೆನ್ನು ಹಿಡಿದುಕೊಂಡೇ ಕೂತಿದ್ದರು. ಆಕೆ ಮೆಟ್ಟಿಲಿಳಿದು ಹೋದಳು.

ಮುಂದಿನ ಗುರುವಾರ ಎರಡು ಕಪ್ಪು ಚಹಾ ಮಾಡಿ ಎರಡನ್ನೂ ತಾವೇ ಕುಡಿದರು. ಅದರ ಮುಂದಿನ ವಾರವೂ ಅಷ್ಟೇ. ವಿದ್ಯಾರ್ಥಿನಿಲಯ ನೂರು ಹೆಜ್ಜೆ ದೂರ. ಅದರ ಬಾಗಿಲತನಕ ಹೋಗಿ ಮರಳಿ ಬಂದದ್ದು ನಾಲ್ಕು ಸಲ. ಏನೆಂದು ಹೇಳುವುದು? ಹೆತ್ತವಳ ಕರುಳು ಹಿಂಡಿ ಉದಾಹರಣೆ ತೆಗೆದ ತನ್ನಂಥ ಕಟುಕ ಇನ್ನೊಬ್ಬನಿಲ್ಲ ಎಂದು ಅವರಿಗೆ ಅನ್ನಿಸಿತು. ಅವರು ಪಟ್ಟ ನಾಚಿಕೆ ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾಚಿಕೆಪಟ್ಟವರು ಎದುರು ಹೋಗಿ ನಿಲ್ಲಬೇಕು. ಮಾಸ್ತರರು ಮನೆಯಲ್ಲೇ ಪ್ರಾಯಶ್ಚಿತ್ತ ಮಾಡಿಕೊಂಡರು: ಶೇವಂತಾಳ ಚೀಟಿ ಹರಿದು ಒಲೆಗೆ ಹಾಕಿದರು. ಅದರ ಜಾಗಕ್ಕೆ ತಮ್ಮ ತಲೆಯಿಂದಲೇ ಒಂದು ವಾಕ್ಯ ಬರೆದರು: 'ಗುರುಗಳು ಶಿಷ್ಯನಿಗೆ ಕಲ್ಲು ಎತ್ತಲು ಹಚ್ಚಿದರು.' ಕಟ್ಟಳೆ ಮುರಿದು ತಮ್ಮದೇ ವಾಕ್ಯವನ್ನು ಚೀಟಿಗೆ ಏರಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಎರಡು ವರ್ಷದ ಮೇಲೆ ಪುಸ್ತಕ ಬಂತು. ನಾಲ್ಕು ಜನ ಪಂಡಿತರು ಹೊಗಳಿ ಪತ್ರ ಬರೆದರು. ಪತ್ರ ಓದಿ ಹೇಳೋಣವೆಂದರೆ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಹೊಸ್ತಿಲಲ್ಲಿ ಠಕೂಬಾಯಿ ನಿಂತಿದ್ದಳು. ಸೊರಗಿದ್ದಳು. ಒಳಗೆ ಬಂದು, ಮೊದಲಿನಂತೆ ಕಾಲು ಚಾಚಿ ಕೂತಳು.

"ಬಾಯಿ, ನನ್ನ ತಪ್ಪಾತು," ಅಂದರು ಮಾಸ್ತರರು. ಅಷ್ಟು ಹೇಳಲು ಎರಡು ವರ್ಷ ಹಿಡಿಯಿತು.

"ಇರಲಿ ಬಿಡ್ರಿ. ಪುಸ್ತಕ ಬಂದದಂತಲ್ಲ, ನಿಲಯದ ಹುಡುಗ್ಯಾರು ಅಂದ್ರು. ತೋರಿಸ್ರಿ. ಶೇವಂತಾ ಎಲ್ಲಿದ್ದಾಳ?"

ಮಾಸ್ತರರ ಕಣ್ಣು ಒಲೆಯ ಕಡೆ ಹೋಯಿತು.

"ಅವತ್ತು ಸಿಟ್ಟು ಬಂದಿತ್ತು ನನಗ," ಅಂದಳು ಆಕೆ. "ಆಮ್ಯಾಲೆ ಅನ್ನಿಸ್ತು, ಚಲೋನ ಆತು. ಯಾರ ಮುಂದೂ ಆ ಮಾತು ಆಡಿರಲಿಲ್ಲ. ಕೂಡಿಸಿದೆ, ಕಳಿಸಿದೆ ಅಂತನ ಹೇಳಕೋತ ಬಂದಿದ್ದೆ. ಒಂದು ಕಡೆ ಖರೇ ಬರದು ಇಟ್ಟದ ಅಂತ ಸಮಾಧಾನ. ನಾ ಸತ್ತ ಮ್ಯಾಲೂ ಇರ್ತದಲ್ಲ. ಓದ್ರಿ."

ಮಾಸ್ತರರು ಪುಸ್ತಕ ತೆಗೆದರು. ಆ ಪುಟ ಅವರಿಗೆ ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಅಕ್ಷರ ಬಾರದ ಆ ಹೆಂಗಸಿನ ಮುಂದೆ, ಗುರುಗಳು ಶಿಷ್ಯನಿಗೆ ಕಲ್ಲು ಎತ್ತಲು ಹಚ್ಚಿದ ಸಾಲಿನ ಮೇಲೆ ಕಣ್ಣಿಟ್ಟು ಓದಿದರು: "ನಾನು ಶೇವಂತಾಗೆ ಎಸ್‌ಟಿಯೊಳಗ ಕೂಡಾಕ ಹಚ್ಚಿದೆ."

"ಎಲ್ಲದು?"

ಆಕೆಯ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟರು. ಆಕೆ ಅದರ ಮೇಲೆ ಕೈಯಾಡಿಸಿದಳು. ಮಲಗಿದ ಕೂಸಿನ ತಲೆ ಸವರುವಂತಿತ್ತು.

"ಇಷ್ಟ ಸಣ್ಣ ಜಾಗಾ," ಅಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. "ಗುರುವಾರ ಬರ್ತೀನಿ ಮಾಸ್ತರ. ಮತ್ತೊಮ್ಮೆ ಓದ್ರಿ."

ಮಾಸ್ತರರು ಹೂಂ ಅಂದರು.