ಪೆಟ್ಟಿಗೆಯೊಳಗಿನ ಕಬ್ಬಿಣ

ನಾನು ಬಳ್ಳಾರಿಯ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷ ಕರಡು ತಿದ್ದಿದವಳು. ಅದು ಮುಚ್ಚಿದ ಮೇಲೆ ಅದೇ ಊರಿನ ಗಾಂಧಿನಗರದ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಣ್ಣು ಕಾಣದ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಮೊಬೈಲಿನಲ್ಲಿ ಕೇಳುವಂತೆ ಮಾಡಿಕೊಡುವ ಕಚೇರಿ ಅದು. ಶಾಲೆಯವರು ಪುಟಗಳ ಫೋಟೋ ತೆಗೆದು ಕಳಿಸುತ್ತಾರೆ. ಕಂಪ್ಯೂಟರು ಫೋಟೋದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ತಪ್ಪು ತಿದ್ದಿ, ಶೀರ್ಷಿಕೆ ಯಾವುದು, ಪ್ಯಾರಾ ಯಾವುದು, ಯಾವುದಾದ ಮೇಲೆ ಯಾವುದನ್ನು ಓದಬೇಕು ಎಂದು ಗುರುತು ಹಾಕುವುದು ನನ್ನ ಪಾಲಿನ ಕೆಲಸ.

ಮುದ್ರಣಾಲಯದ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಅಚ್ಚಿನಲ್ಲಿ ಏನಿದೆಯೋ ಅದು, ಎಲ್ಲಿದೆಯೋ ಅಲ್ಲಿ ಇರಬೇಕು. ಪುಟದ ಮಧ್ಯೆ ಬೂದು ಬಣ್ಣದ ಪೆಟ್ಟಿಗೆ ಕಟ್ಟಿ ಹೆಚ್ಚಿನ ಮಾಹಿತಿ ಕೊಟ್ಟಿದ್ದರೆ ನಾನೂ ಅದನ್ನು ಅದೇ ಜಾಗದಲ್ಲಿ ಸೇರಿಸುತ್ತಿದ್ದೆ. ಪಾಠದ ಒಂದು ವಾಕ್ಯವನ್ನೇ ಎತ್ತಿ ದೊಡ್ಡ ಅಕ್ಷರದಲ್ಲಿ ನಡುವೆ ಇಟ್ಟಿದ್ದರೆ ಅದನ್ನೂ ಅಲ್ಲೇ ಬಿಡುತ್ತಿದ್ದೆ. ಒಂದು ಅಕ್ಷರವೂ ಬಿಟ್ಟುಹೋಗಿಲ್ಲ ಎಂಬ ಸಮಾಧಾನ ನನಗಿತ್ತು.

ಒಂದು ಮಧ್ಯಾಹ್ನ ಸಿರುಗುಪ್ಪದ ಒಂದು ಪ್ರೌಢಶಾಲೆಯಿಂದ ಸಮಾಜ ವಿಜ್ಞಾನದ ಶಿಕ್ಷಕಿ ಫೋನ್ ಮಾಡಿದರು.

"ಮೇಡಂ, ನಮ್ಮ ಸಾಲಿಯಾಗ ಒಂದು ಹುಡುಗಿ ಅದಾಳ್ರಿ, ಕಣ್ಣು ಕಾಣಂಗಿಲ್ಲ. ಪರೀಕ್ಷಿಯಾಗ ತಪ್ಪು ಹೇಳಿ ಬರಿಸ್ಯಾಳ. ಕೇಳಿದ್ರ ಪುಸ್ತಕದಾಗ ಹಂಗ ಐತಿ ಅಂತಾಳ. ನೀವು ಕಳಿಸಿದ್ದನ್ನ ಒಂದ್ಸಲ ನೋಡ್ರಿ."

ಫೈಲು ತೆರೆದು ನೋಡಿದೆ. ಅಕ್ಷರದೋಷ ಒಂದೂ ಇರಲಿಲ್ಲ. ಹಾಗೆಂದು ಹೇಳಿದೆ. ಅವರು, "ಹಂಗಾರ ಒಂದ್ಸಲ ಬಂದು ಹೋಗ್ರಿ. ಆಕಿ ಬಿಡವಲ್ಲಳು," ಅಂದರು. ಮರುದಿನ ಬಸ್ಸು ಹತ್ತಿದೆ.

ಹುಡುಗಿ ಸಿರಿಗೇರಿಯವಳು, ತಂದೆ ಟೇಲರ್. ದಿನಾ ಬೆಳಿಗ್ಗೆ ಅವರೇ ಗಾಡಿಯಲ್ಲಿ ತಂದು ಬಿಡುತ್ತಿದ್ದರಂತೆ. ಶಿಕ್ಷಕರ ಕೋಣೆಯಲ್ಲಿ ಅವಳು ನನ್ನೆದುರು ಕೂತು, ನಮಸ್ಕಾರ ಹೇಳಿ, ತಡಮಾಡದೆ ಮೊಬೈಲು ಮೇಜಿನ ಮೇಲಿಟ್ಟಳು.

"ಮೇಡಂ, ನೀವು ಕಣ್ಣು ಮುಚ್ಕೊಂಡು ಕೇಳ್ರಿ," ಅಂದಳು.

ಮುಚ್ಚಿದೆ. ಮೊಬೈಲು ಏರಿಳಿತವಿಲ್ಲದ ದನಿಯಲ್ಲಿ ಓದಿತು. ಸಂಗನಕಲ್ಲಿನ ಬೆಟ್ಟದ ಹಳೆಯ ಜನರ ಪಾಠ ಅದು. "ಇಲ್ಲಿಯ ಜನ ಕೊಡಲಿಗೆ ಬಳಸುತ್ತಿದ್ದದ್ದು ಕಬ್ಬಿಣ. ಇದನ್ನು ಕರಗಿಸಲು ಕುಲುಮೆ ಬೇಕಾಗುತ್ತಿತ್ತು." ಹೀಗೇ ಇನ್ನೂ ಕೆಲವು ಸಾಲು ಮುಗಿದ ಮೇಲೆ, ಎಲ್ಲಿಂದಲೋ ಬಿದ್ದಂತೆ, "ಕರಿಗಲ್ಲು. ಅದನ್ನು ಉಜ್ಜಿ ನುಣುಪು ಮಾಡುತ್ತಿದ್ದರು."

ಕಣ್ಣು ಬಿಟ್ಟು ಶಿಕ್ಷಕಿಯ ಕೈಲಿದ್ದ ಪುಸ್ತಕ ನೋಡಿದೆ. ಎಡಗಡೆಯ ಅಂಕಣ "ಬಳಸುತ್ತಿದ್ದದ್ದು" ಎಂಬಲ್ಲಿ ಮುಗಿದಿತ್ತು. ಬಲಗಡೆಯ ಅಂಕಣದ ತಲೆಯಲ್ಲಿ ಒಂದು ಪೆಟ್ಟಿಗೆ, ಅದರ ಶೀರ್ಷಿಕೆ "ಕಬ್ಬಿಣ". ಮುಂದಿನ ಕಾಲದಲ್ಲಿ ಬಂದ ಲೋಹದ ಬಗ್ಗೆ ಅದರಲ್ಲಿ ನಾಲ್ಕು ಸಾಲು. ಪೆಟ್ಟಿಗೆಯ ಕೆಳಗೆ ಪಾಠದ ವಾಕ್ಯ ಮುಂದುವರಿದಿತ್ತು: "ಕರಿಗಲ್ಲು." ಕಣ್ಣಿದ್ದವರು ಪೆಟ್ಟಿಗೆಯ ಗೆರೆಯನ್ನು ನೋಡಿದ ಕೂಡಲೇ ದಾಟಿಕೊಂಡು ಹೋಗುತ್ತಾರೆ. ನಾನೂ ಹಾಗೇ ದಾಟಿದ್ದೆ, ಪೆಟ್ಟಿಗೆಯ ಶೀರ್ಷಿಕೆಗೆ ಗುರುತನ್ನೂ ಹಾಕಿರಲಿಲ್ಲ. ಗೆರೆ ಕಿವಿಗೆ ಕೇಳುವುದಿಲ್ಲ.

"ನಾನು ತಪ್ಪು ಹೇಳಿಲ್ರಿ," ಅಂದಳು ಹುಡುಗಿ. "ಕೇಳಿದ್ದನ್ನ ಹೇಳೀನಿ."

"ಹೌದವ್ವಾ, ತಪ್ಪು ನಂದು," ಅಂದೆ.

ಶಿಕ್ಷಕಿ, "ಉತ್ತರ ತಪ್ಪ ಐತಿ, ಅಂಕ ಕೊಡಾಕ ಬರಂಗಿಲ್ಲ. ಆದ್ರ ಅದು ನಿನ್ನ ತಪ್ಪಲ್ಲ ಅಂತ ಕ್ಲಾಸಿನಾಗ ಹೇಳ್ತೀನಿ," ಅಂದರು. ಹುಡುಗಿ, "ಹೇಳ್ರಿ," ಅಂದಳು. ಅವಳ ಮುಖ ಸಡಿಲವಾಗಲಿಲ್ಲ.

ಅವಳಿಗೆ ಇನ್ನೊಂದು ದೂರಿತ್ತು. "ಕೆಲವೊಂದು ಮಾತು ಎರಡೆರಡು ಸಲ ಬರ್ತಾವ್ರಿ. ಬೆರಳು ತಾಕಿ ಹಿಂದಕ್ಕ ಹೋತೇನೋ ಅಂತ ಮತ್ತ ಮೊದಲಿಂದ ಕೇಳ್ತೀನಿ." ದೊಡ್ಡ ಅಕ್ಷರದಲ್ಲಿ ಎತ್ತಿ ಇಟ್ಟ ವಾಕ್ಯಗಳವು. ಒಂದು ಪುಟಕ್ಕೆ ಅವಳು ಎಷ್ಟು ಸಲ ಹಿಂದೆ ಹೋಗಿದ್ದಳೋ, ನಾನು ಕೇಳಲಿಲ್ಲ.

ಕಚೇರಿಗೆ ಬಂದು ಪಾಠ ಬಿಚ್ಚಿದೆ. ಪ್ರತಿ ಫೋಟೋದ ಮೇಲೂ ಪೆಟ್ಟಿಗೆಯ ಸುತ್ತ ಬೇರೆ ಚೌಕ ಎಳೆದು, ಅದನ್ನು ಪಾಠದ ಹರಿವಿನಿಂದ ಬೇರ್ಪಡಿಸಿದೆ. ಹೊಸ ಚೌಕದಿಂದಾಗಿ ಕಂಪ್ಯೂಟರು ಪುಟವನ್ನು ಮತ್ತೆ ಓದಿ, ಬೂದು ಬಣ್ಣದ ಮೇಲೆ ತಪ್ಪಾಗಿ ಗುರುತಿಸಿದ ಅಕ್ಷರಗಳನ್ನು ಪುಸ್ತಕ ನೋಡಿ ಸರಿಪಡಿಸಿದೆ. ಎರಡು ಅಂಕಣಗಳಲ್ಲಿ ಒಡೆದುಹೋಗಿದ್ದ ವಾಕ್ಯಗಳನ್ನು ಜೋಡಿಸಿದೆ. ಪ್ಯಾರಾ ಪೂರ್ತಿ ಮುಗಿದ ಮೇಲೆ "ಪೆಟ್ಟಿಗೆ ಆರಂಭ", ಅದರ ಶೀರ್ಷಿಕೆ, ಒಳಗಿನ ಮಾತು, "ಪೆಟ್ಟಿಗೆ ಮುಗಿಯಿತು" ಎಂದು ಇಟ್ಟೆ. ಪುಟಸಂಖ್ಯೆ ತಪ್ಪಿಸಲಿಲ್ಲ. ಎತ್ತಿ ಇಟ್ಟ ವಾಕ್ಯಗಳನ್ನು ಮಾತ್ರ ತೆಗೆದುಹಾಕಿದೆ. ಪಾಠದೊಳಗೆ ಒಮ್ಮೆ ಇದ್ದೇ ಇದೆಯಲ್ಲ, ಅದು ಸಾಕು ಅಂದುಕೊಂಡೆ.

ವಾರದೊಳಗೆ ಹುಡುಗಿಯೇ ಫೋನ್ ಮಾಡಿದಳು.

"ಪೆಟ್ಟಿಗಿ ಚಲೋ ಆಗೇತ್ರಿ. ಆದ್ರ ಇವತ್ತು ಟೀಚರ್ ಆ ದಪ್ಪಕ್ಷರದ ಮಾತಿನ ಅರ್ಥ ಏನು ಅಂತ ಕೇಳಿದ್ರು. ಎಲ್ಲಾರಿಗೂ ಸಿಕ್ತು, ನನಗ ಸಿಗಲಿಲ್ಲ. ನೀವು ತಗದೀರೇನು?"

"ತಗದೀನವ್ವಾ. ಎರಡು ಸಲ ಬರಬಾರದಂತ."

"ಬ್ಯಾಡ್ರಿ. ಎಲ್ಲಾರ ಪುಸ್ತಕದಾಗ ಇದ್ದದ್ದು ನನ್ನ ಪುಸ್ತಕದಾಗೂ ಇರಬೇಕು. ಏನಂತ ಹೇಳಿ ಬ್ಯಾರೆ ಇಡ್ರಿ, ಬೇಕಂದ್ರ ಕೇಳ್ತೀನಿ, ಬ್ಯಾಡಂದ್ರ ದಾಟ್ತೀನಿ."

ನನಗೆ ಸ್ವಲ್ಪ ಸಿಟ್ಟು ಬಂತು. ಎರಡು ಸಲ ಮಾಡಿದ ಕೆಲಸವನ್ನು ಮೂರನೆಯ ಸಲ ಮಾಡಬೇಕಿತ್ತು. ಮೊದಲು ಒಂದನ್ನೂ ಬಿಡದೆ ತಪ್ಪು ಮಾಡಿದ್ದೆ, ಆಮೇಲೆ ಬಿಟ್ಟು ತಪ್ಪು ಮಾಡಿದ್ದೆ. ಹಳೆಯ ಪುಟಗಳನ್ನು ಮತ್ತೆ ತೆರೆದೆ. ದೊಡ್ಡ ಅಕ್ಷರದ ಒಂದು ಮಾತನ್ನು ಪಾಠದ ವಾಕ್ಯದ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಆಗಿರಲಿಲ್ಲ. ಎತ್ತಿ ಬರೆಯುವಾಗ ಯಾರೋ "ಬಹುಶಃ" ಎಂಬ ಪದ ಕೈಬಿಟ್ಟಿದ್ದರು. ಪಾಠ ಅನುಮಾನದಿಂದ ಹೇಳಿದ್ದನ್ನು ದೊಡ್ಡ ಅಕ್ಷರ ಖಂಡಿತ ಎಂಬಂತೆ ಹೇಳುತ್ತಿತ್ತು. ನನ್ನ ಕೈ ತಿದ್ದಲು ಹೋಯಿತು, ತಡೆದೆ. ಅಚ್ಚಿನಲ್ಲಿದ್ದಂತೆಯೇ, "ಎತ್ತಿ ತೋರಿಸಿದ ಮಾತು" ಎಂಬ ಗುರುತಿನೊಂದಿಗೆ, ಪ್ಯಾರಾ ಮುಗಿದ ಮೇಲೆ ಬೇರೆಯಾಗಿ ಇಟ್ಟೆ.

ಅದನ್ನು ಕಳಿಸಿದ ಮರುದಿನ ಶಿಕ್ಷಕಿ ಫೋನಿನಲ್ಲಿ ನಗುತ್ತಿದ್ದರು. ಆ "ಬಹುಶಃ" ಇಲ್ಲದ್ದನ್ನು ಹುಡುಗಿ ತಾನೇ ಹಿಡಿದು, ಯಾವುದನ್ನು ನಂಬಬೇಕು ಎಂದು ತರಗತಿಯಲ್ಲಿ ಎದ್ದು ಕೇಳಿದ್ದಳಂತೆ. ಕಣ್ಣಿದ್ದ ಮಕ್ಕಳು ಯಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿರಲಿಲ್ಲ. "ಒಂದು ಪಿರಿಯಡ್ ಅದ್ರಾಗ ಹೋತ್ರಿ," ಅಂದರು. ಆ ದಿನ ನನಗೆ ಸಂತೋಷವಾಯಿತು, ಯಾರಿಗೂ ಹೇಳಲಿಲ್ಲ.

ಆಮೇಲೆ ನಾನು ಹಿಂದೆ ಮಾಡಿಕೊಟ್ಟಿದ್ದ ಫೈಲುಗಳ ಪಟ್ಟಿ ತೆಗೆದೆ. ಅವನ್ನು ಬಳಸಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ತಪ್ಪಾಗಿದೆ, ಸರಿಪಡಿಸಿ ಕಳಿಸುತ್ತೇನೆ ಎಂದು ಹೇಳಿದೆ. ಪಟ್ಟಿಯಲ್ಲಿ ಮಕ್ಕಳಲ್ಲದವರು ಒಬ್ಬರೇ, ಕುರುಗೋಡಿನ ಒಬ್ಬ ಗೃಹಸ್ಥರು. ದೃಷ್ಟಿ ಹೋದ ಮೇಲೆ, ನಡುವಯಸ್ಸಿನಲ್ಲಿ, ಬಿಟ್ಟಿದ್ದ ಓದನ್ನು ಮತ್ತೆ ಹಿಡಿದವರು. ಮೂರು ಪುಸ್ತಕಗಳನ್ನು ಅದೇ ಸ್ಥಿತಿಯಲ್ಲಿ ಕೇಳಿ, ಪರೀಕ್ಷೆಯನ್ನೂ ಬರೆದು ಮುಗಿಸಿದ್ದರು. ಮಾತುಗಳು ನಡುನಡುವೆ ಕಡಿದುಹೋಗುತ್ತಿದ್ದವಲ್ಲ, ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

"ನಾನು ಸಾಲಿ ಬಿಟ್ಟು ಭಾಳ ವರ್ಷ ಆಗಿತ್ತಲ್ರಿ ಅಮ್ಮಾರ," ಅಂದರು. "ಈಗಿನ ಪುಸ್ತಕ ಹಿಂಗ ಇರ್ತಾವ, ನನ್ನ ತಲಿಗೇ ಹತ್ತವಲ್ದು ಅನಕೊಂಡಿದ್ದೆ."